‘ಟಕ್ ಟಕ್, ಯಾರದು?’: ಮಕ್ಕಳ ಬಾಗಿಲು ಹಾಸ್ಯವನ್ನು ನಮ್ಮ ಮಾತಿನಲ್ಲಿ ಹೊಸದಾಗಿ ಕಟ್ಟುವ ಕ್ರಮ

ಬಾಗಿಲು ಬಡಿಯುವ ಹಾಸ್ಯವನ್ನು ಮಕ್ಕಳಿಗೆ ಹೇಳಹೊರಟ ಹಿರಿಯರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಇಂಗ್ಲಿಷಿನ ಒಂದು ಹಾಸ್ಯವನ್ನು ಆಯ್ದು, ಅದರ ಅರ್ಥವನ್ನು ಕನ್ನಡಕ್ಕೆ ತಂದು, ಕೊನೆಯ ಸಾಲು ಹೇಳಿ ಮಕ್ಕಳ ಮುಖ ನೋಡುತ್ತಾರೆ. ಮಕ್ಕಳು ಅವರ ಮುಖ ನೋಡುತ್ತಾರೆ. ಉದಾಹರಣೆಗೆ ‘ಲೆಟಸ್’ ಎಂಬ ಸೊಪ್ಪಿನ ಹೆಸರು ಇಂಗ್ಲಿಷಿನಲ್ಲಿ ‘ನಮ್ಮನ್ನು ಬಿಡಿ’ ಎಂಬ ಅರ್ಥದ ‘ಲೆಟ್ ಅಸ್’ ಎಂಬಂತೆ ಕೇಳಿಸುತ್ತದೆ. ಬಾಗಿಲ ಹೊರಗೆ ನಿಂತ ಸೊಪ್ಪು ‘ಲೆಟಸ್ ಇನ್’ ಎಂದಾಗ, ಅದು ‘ನಮ್ಮನ್ನು ಒಳಗೆ ಬಿಡಿ’ ಎಂದಂತಾಗಿ ನಗು ಬರುತ್ತದೆ. ಇದನ್ನು ಕನ್ನಡಕ್ಕೆ ತಿರುಗಿಸಿದರೆ ಸೊಪ್ಪೂ ಉಳಿಯುತ್ತದೆ, ಒಳಗೆ ಬಿಡಿ ಎಂಬ ಮಾತೂ ಉಳಿಯುತ್ತದೆ, ಆದರೆ ಎರಡನ್ನೂ ಕೂಡಿಸಿದ್ದ ಸದ್ದು ಮಾತ್ರ ಉಳಿಯುವುದಿಲ್ಲ. ಈ ಜಾತಿಯ ಹಾಸ್ಯದಲ್ಲಿ ಆ ಸದ್ದಿನ ಹೊರತು ಬೇರೇನೂ ಇಲ್ಲ. ಆದ್ದರಿಂದ ಅನುವಾದದ ದಾರಿಯನ್ನು ಬಿಟ್ಟು, ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮಕ್ಕಳ ಬಾಯಲ್ಲಿ ಇರುವ ಮಾತಿನಿಂದಲೇ ಹೊಸದನ್ನು ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

1. ಐದು ಸಾಲಿನ ಕಟ್ಟನ್ನು ಮೊದಲು ಗಟ್ಟಿ ಮಾಡಿಕೊಳ್ಳಿ

ಈ ಹಾಸ್ಯಕ್ಕೆ ಐದೇ ಸಾಲು. ಹೇಳುವವನು ಬಾಗಿಲು ಬಡಿಯುತ್ತಾನೆ. ಕೇಳುವವನು ಯಾರೆಂದು ವಿಚಾರಿಸುತ್ತಾನೆ. ಹೇಳುವವನು ಒಂದು ಹೆಸರು ಕೊಡುತ್ತಾನೆ. ಕೇಳುವವನು ಆ ಹೆಸರನ್ನೇ ಹಿಡಿದು ಮತ್ತೊಂದು ಪ್ರಶ್ನೆ ಹಾಕುತ್ತಾನೆ. ಆಗ ಹೇಳುವವನು ಅದೇ ಹೆಸರಿನ ಸದ್ದಿನಿಂದ ಆರಂಭವಾಗುವ ಬೇರೊಂದು ವಾಕ್ಯವನ್ನು ಹೇಳುತ್ತಾನೆ.

— ಟಕ್ ಟಕ್.
— ಯಾರದು?
— ಬಾಬು.
— ಯಾವ ಬಾಬು?
— ಬಾ, ಬುತ್ತಿ ಬಿಚ್ಚೋಣ!

ಇದರಲ್ಲಿ ಎಲ್ಲರೂ ಅಲಕ್ಷಿಸುವ ಸಾಲು ನಾಲ್ಕನೆಯದು. ಇಂಗ್ಲಿಷಿನಲ್ಲಿ ಎರಡನೆಯ ಪ್ರಶ್ನೆಯ ‘ಹೂ’ ಎಂಬ ಪದವು ಹೆಸರಿನ ನಂತರ ಬರುತ್ತದೆ. ನಮ್ಮಲ್ಲಿ ‘ಯಾವ ಬಾಬು?’ ಎಂದೂ ಕೇಳಬಹುದು, ‘ಬಾಬು ಯಾರು?’ ಎಂದೂ ಕೇಳಬಹುದು. ಎರಡರಲ್ಲಿ ಒಂದನ್ನು ಮೊದಲೇ ಗೊತ್ತುಮಾಡಿಕೊಂಡು ಮಕ್ಕಳಿಗೆ ಕಲಿಸಬೇಕು. ಏಕೆಂದರೆ ಯಾವ ಪ್ರಶ್ನೆ ಎಂಬುದರ ಮೇಲೆ ಯಾವ ಹಾಸ್ಯ ಸಾಧ್ಯ ಎಂಬುದು ನಿಂತಿದೆ.

ನನ್ನ ಆಯ್ಕೆ ‘ಯಾವ’. ಆಗ ಪ್ರಶ್ನೆ ಹೆಸರಿನೊಂದಿಗೆ ಮುಗಿಯುತ್ತದೆ, ಆ ಹೆಸರಿನ ಸದ್ದು ಕಿವಿಯಲ್ಲಿ ಇರುವಾಗಲೇ ಅದೇ ಸದ್ದಿನಿಂದ ಉತ್ತರ ಆರಂಭವಾಗುತ್ತದೆ, ನಡುವೆ ಬೇರೆ ಪದ ತೂರುವುದಿಲ್ಲ. ‘ಯಾರು’ ಎಂಬುದನ್ನು ಕೊನೆಗೆ ಇಟ್ಟರೆ ಬೇರೊಂದು ಆಟಕ್ಕೆ ಅವಕಾಶವಿದೆ, ಆದರೆ ಅದು ಬಹಳ ಇಕ್ಕಟ್ಟಿನದು. ನನಗೆ ಇದುವರೆಗೆ ದಕ್ಕಿದ್ದು ಒಂದೇ:

— ಟಕ್ ಟಕ್.
— ಯಾರದು?
— ತ.
— ತ ಯಾರು?
— ತಯಾರಂದ್ರಲ್ಲ, ನಡೀರಿ ಹೋಗೋಣ!

ಇಲ್ಲಿ ಕೇಳುವವನ ಬಾಯಿಂದಲೇ ‘ತಯಾರು’ ಹೊರಡುತ್ತದೆ ಎಂಬುದು ಚೆಂದ. ಆದರೆ ‘ಯಾರು’ ಎಂದು ಮುಗಿಯುವ ಪದಗಳು ಕನ್ನಡದಲ್ಲಿ ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಆದ್ದರಿಂದ ಇದನ್ನು ಒಮ್ಮೆ ಹೇಳಿ ಬಿಡಿ, ಸೂತ್ರ ಮಾಡಿಕೊಳ್ಳಬೇಡಿ.

2. ಬೇಕಾದ ಸಾಮಾನು

ಒಂದು ನೋಟ್‌ಬುಕ್, ಒಂದು ಸೀಸಪೆನ್ಸಿಲ್, ಮತ್ತು ಏಳರಿಂದ ಹತ್ತು ವರ್ಷದೊಳಗಿನ ಇಬ್ಬರು ಮಕ್ಕಳು. ಮಕ್ಕಳು ಇಬ್ಬರು ಏಕೆ ಬೇಕು ಎಂಬುದು ಏಳನೆಯ ಹಂತದಲ್ಲಿ ತಿಳಿಯುತ್ತದೆ. ಐದು ವರ್ಷದ ಮಗು ‘ಟಕ್ ಟಕ್’ ಎಂಬ ಆಟಕ್ಕೇ ನಗುತ್ತದೆ, ಪದದ ಎರಡು ಅರ್ಥಕ್ಕೆ ಅಲ್ಲ. ಆದ್ದರಿಂದ ಅದರ ನಗುವನ್ನು ಪರೀಕ್ಷೆಯಾಗಿ ಹಿಡಿಯಬಾರದು. ಅದು ಏನು ಹೇಳಿದರೂ ಪಾಸು ಮಾಡುತ್ತದೆ.

3. ಹೆಸರಿನಿಂದ ಅಲ್ಲ, ಬಾಗಿಲ ಹೊರಗಿನ ಮಾತಿನಿಂದ ಆರಂಭಿಸಿ

ಬಹುತೇಕರು ಒಂದು ಹೆಸರನ್ನು ಹಿಡಿದು, ಇದರಿಂದ ಏನು ಹಾಸ್ಯ ಮಾಡಬಹುದು ಎಂದು ತಲೆ ಕೆರೆದುಕೊಳ್ಳುತ್ತಾರೆ. ಹಾಗೆ ಮಾಡಿದಾಗ ‘ಮಲ್ಲಿ — ಮಲ್ಲಿಗೆ’, ‘ರಾಜು — ರಾಜ’ ಎಂಬಂತಹ ಸಪ್ಪೆಯ ಜೋಡಿಗಳು ಬರುತ್ತವೆಯೇ ಹೊರತು ವಾಕ್ಯ ಹುಟ್ಟುವುದಿಲ್ಲ. ಕೆಲಸ ಹಿಂದಿನಿಂದ ಆಗಬೇಕು: ಮೊದಲು ಐದನೆಯ ಸಾಲು, ಆಮೇಲೆ ಹೆಸರು.

ನೋಟ್‌ಬುಕ್ಕಿನ ಒಂದು ಪುಟದಲ್ಲಿ, ಬಾಗಿಲ ಹೊರಗೆ ನಿಂತವನು ನಿಜವಾಗಿ ಆಡಬಹುದಾದ ಹತ್ತು ಮಾತುಗಳನ್ನು ಬರೆಯಿರಿ. ಬಾಗಿಲು ಬೇಗ ತೆಗೆ, ಹೊರಗೆ ಚಳಿ ಇದೆ, ನನ್ನ ಗುರುತು ಸಿಗಲಿಲ್ಲವೇ, ಮಾವ ಬಂದಿದ್ದಾನೆ, ಈ ಅಂಗಿ ನಿಮ್ಮದೇ, ಇವತ್ತು ಶಾಲೆಗೆ ರಜೆ, ಊಟಕ್ಕೆ ಬಾ. ಹೀಗೆ. ನಮ್ಮ ಓಣಿಗಳಲ್ಲಿ ಹಗಲು ಹೊತ್ತು ಬಾಗಿಲು ತೆರೆದೇ ಇರುತ್ತದೆ, ಬಂದವರು ಬಡಿಯುವುದಕ್ಕಿಂತ ಅಂಗಳದಿಂದ ಕೂಗುವುದೇ ಹೆಚ್ಚು. ಹಾಗಾಗಿ ಬಡಿಯುವ ಸದ್ದನ್ನು ಮನೆಯ ಬಾಗಿಲಿಗೇ ಕಟ್ಟಿಹಾಕಬೇಕಿಲ್ಲ. ಬಸ್ಸಿನ ತಗಡಿಗೆ ಕಂಡಕ್ಟರ್ ಬಡಿಯುವುದೂ ‘ಟಕ್ ಟಕ್’ ಎಂದೇ ಲೆಕ್ಕ. ‘ಕಲಾ’ ಎಂಬ ಹೆಸರು ನನಗೆ ಅಲ್ಲಿಂದ ಸಿಕ್ಕಿತು: ‘ಯಾವ ಕಲಾ?’ ‘ಕಲಬುರಗಿ ಬಂತ್ರೀ, ಇಳೀರಿ!’

ಪುಟವನ್ನು ಬರೆಯುವಾಗ ಪುಸ್ತಕದ ಕನ್ನಡದಲ್ಲಿ ಬರೆದರೂ, ಪಕ್ಕದಲ್ಲಿ ಅದನ್ನೇ ಮನೆಯ ಮಾತಿನಲ್ಲಿ ಮತ್ತೊಮ್ಮೆ ಬರೆಯುವುದು ಅಗತ್ಯ. ‘ಬೇಗ ಬಾಗಿಲು ತೆಗೆ’ ಎಂಬುದರ ಪಕ್ಕದಲ್ಲಿ ‘ಲಗೂನ ಬಾಗಿಲ ತೆಗಿ’. ‘ಭಾನುವಾರ ಇದೆ’ ಎಂಬುದರ ಪಕ್ಕದಲ್ಲಿ ‘ರವಿವಾರ ಅದ’. ಹೆಸರುಗಳು ಅಡಗಿರುವುದು ಈ ಎರಡನೆಯ ಸಾಲಿನಲ್ಲಿ. ಭಾನುವಾರದಲ್ಲೂ ‘ಭಾನು’ ಇದ್ದಾಳೆ ಎನ್ನಬಹುದು, ನಿಜ. ಆದರೆ ನಮ್ಮ ಕಡೆಯ ಮಗು ಆ ದಿನವನ್ನು ರವಿವಾರ ಎಂದೇ ಕರೆಯುವುದರಿಂದ, ರವಿಯೇ ಬಾಗಿಲಿಗೆ ಬರಬೇಕು.

4. ಕತ್ತರಿಸುವುದು: ಒಂದಕ್ಷರದ ಪದವನ್ನು ಮುಂದಕ್ಕೆ ತನ್ನಿ

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಕನ್ನಡದಲ್ಲಿ ವಾಕ್ಯದ ಆರಂಭಕ್ಕೆ ಬರಬಲ್ಲ ಒಂದಕ್ಷರದ ಪದಗಳು ಕೆಲವಿವೆ: ನಾ, ನೀ, ಬಾ, ತಾ, ಆ, ಈ, ಹೇ. ಇವುಗಳಲ್ಲಿ ಒಂದರ ನಂತರ ಬರುವ ಪದದ ಮೊದಲ ಅಕ್ಷರವನ್ನು ಅದಕ್ಕೆ ಅಂಟಿಸಿದರೆ ಎರಡಕ್ಷರದ ಹೆಸರು ಆಗುತ್ತದೆಯೇ ಎಂದು ನೋಡಬೇಕು. ನಮ್ಮ ಮನೆಗಳಲ್ಲಿ ಕರೆಯುವ ಹೆಸರುಗಳು ಹೆಚ್ಚಾಗಿ ಎರಡಕ್ಷರದವೇ ಆಗಿರುವುದರಿಂದ ಈ ಲೆಕ್ಕ ಕೂಡಿಬರುತ್ತದೆ.

‘ಲಗೂನ ಬಾಗಿಲ ತೆಗಿ’ ಎಂಬುದನ್ನು ತೆಗೆದುಕೊಳ್ಳಿ. ಇದರ ಆರಂಭ ‘ಲಗೂ’. ಆ ಸದ್ದಿನ ಹೆಸರಿಲ್ಲ. ಆದರೆ ಕನ್ನಡದಲ್ಲಿ ‘ನೀ’ ಎಂಬುದನ್ನು ಬಿಟ್ಟರೂ ನಡೆಯುತ್ತದೆ, ಹಚ್ಚಿದರೂ ನಡೆಯುತ್ತದೆ. ಹಚ್ಚಿದಾಗ ‘ನೀ ಲಗೂನ ಬಾಗಿಲ ತೆಗಿ’ ಎಂದಾಗುತ್ತದೆ. ‘ನೀ’ ಮತ್ತು ‘ಲ’ ಕೂಡಿ ನೀಲಾ ಸಿದ್ಧಳಾಗುತ್ತಾಳೆ. ಬರವಣಿಗೆಯಲ್ಲಿ ‘ನೀಲಾ’ ಎಂದು ಉದ್ದವಾಗಿ ಬರೆದರೂ, ಬಾಯಲ್ಲಿ ಆ ಕೊನೆಯ ಸ್ವರ ಗಿಡ್ಡವಾಗಿಯೇ ಬರುತ್ತದೆ, ಹಾಗಾಗಿ ಅಡ್ಡಿಯಿಲ್ಲ.

ಇದೇ ರೀತಿ ‘ಆ ಶಾಲು ಕೊಡ್ರಿ, ಹೊರಗ ಥಂಡಿ ಭಾಳ ಅದ’ ಎಂಬುದರಲ್ಲಿ ಆಶಾ ಇದ್ದಾಳೆ. ಡಿಸೆಂಬರ್ ಬೆಳಗಿನ ಬೀದರ್‌ನಲ್ಲಿ ಇದನ್ನು ಹೇಳಿದರೆ ಅರ್ಥ ವಿವರಿಸಬೇಕಾದ ಪ್ರಮೇಯವೇ ಇರುವುದಿಲ್ಲ. ‘ಹೇ, ಮಾಮಾ ಬಂದಾನ, ಬಾಗಿಲ ತೆಗಿ’ ಎಂಬುದರಲ್ಲಿ ಹೇಮಾ ಇದ್ದಾಳೆ. ‘ಈ ಶರ್ಟ ನಿಮ್ಮದೇನ್ರಿ? ಹೊರಗ ಬಿದ್ದಿತ್ತು’ ಎಂಬುದರಲ್ಲಿ ಈಶ ಇದ್ದಾನೆ. ಈಶನ ಹಾಸ್ಯ ಇವೆಲ್ಲಕ್ಕಿಂತ ಗಟ್ಟಿ ಎಂಬುದು ನನ್ನ ಅಭಿಪ್ರಾಯ, ಕಾರಣವೂ ಇದೆ: ‘ಶರ್ಟ’ ಎಂಬ ಪದ ‘ಶ’ ಎಂಬಲ್ಲಿ ಕಡಿದು ಎರಡು ಹೋಳಾಗುತ್ತದೆ, ಕೇಳುವವನಿಗೆ ಹೆಸರಿನೊಳಗೆ ಒಂದು ಶರ್ಟಿನ ತುದಿ ಇದೆ ಎಂಬ ಸುಳಿವೇ ಸಿಗುವುದಿಲ್ಲ. ಕತ್ತರಿ ಯಾವಾಗಲೂ ಪದದ ನಡುವೆ ಬೀಳಬೇಕು. ‘ಸೀತಾ — ಸೀತಾಫಲ ತಂದೀನಿ’ ಎಂಬಲ್ಲಿ ಅದು ಎರಡು ಪದಗಳ ಸಂದಿನಲ್ಲಿ ಬಿದ್ದಿದೆ. ಆದ್ದರಿಂದ ಜಾಣ ಮಗು ಅದನ್ನು ಮೊದಲೇ ಊಹಿಸಿಬಿಡುತ್ತದೆ.

ಒಂದು ಅಪವಾದವನ್ನು ಹೇಳಲೇಬೇಕು. ದಖನಿ ಉರ್ದು, ಮರಾಠಿ ಮನೆಗಳಲ್ಲಿ ಕರೆಯುವ ‘ಬಾಬಾ’ ಎಂಬ ಪದ ಇಡಿಯಾಗಿಯೇ ಕನ್ನಡದ ‘ಬಾ, ಬಾ’ ಆಗುತ್ತದೆ. ಇಲ್ಲಿ ಪದದ ನಡುವೆ ಕತ್ತರಿಯೇ ಇಲ್ಲ, ಆದರೂ ನಡೆಯುತ್ತದೆ; ಏಕೆಂದರೆ ಕರೆಯುವ ಮಾತನ್ನು ಕೇಳುವವನೇ ಆಡಿಬಿಟ್ಟಿರುತ್ತಾನೆ.

— ಟಕ್ ಟಕ್.
— ಯಾರದು?
— ಬಾಬಾ.
— ಯಾವ ಬಾಬಾ?
— ಬಾ ಬಾ ಅಂತೀರಿ, ಬಾಗಿಲ ಮಾತ್ರ ತೆಗ್ಯಂಗಿಲ್ಲ!

5. ಒಂದು ಹಾಸ್ಯ ಆರಂಭದಿಂದ ಕೊನೆಯವರೆಗೆ

ಪಟ್ಟಿಯಲ್ಲಿ ‘ನನ್ನ ಗುರುತು ಸಿಗಲಿಲ್ಲವೇ?’ ಎಂಬ ಸಾಲು ಇತ್ತು. ಅದರ ಮೊದಲ ಮೂರು ಅಕ್ಷರ ‘ನನ್ನಗು’. ಹಾಗೆ ಯಾರ ಹೆಸರೂ ಇಲ್ಲ. ‘ಗುರುತು ಸಿಗಲಿಲ್ಲವೇ ನನ್ನದು’ ಎಂದು ಹಿಂದುಮುಂದು ಮಾಡಿ ನೋಡಿದೆ. ‘ಗುರು’ ಎಂಬ ಹೆಸರು ಸಿಕ್ಕಿತು, ಆದರೆ ವಾಕ್ಯ ಯಾರೂ ಆಡದಂತಹದಾಯಿತು. ಹೆಸರಿಗಾಗಿ ವಾಕ್ಯವನ್ನು ಮುರಿದರೆ ಮಗು ಮೊದಲು ವಾಕ್ಯವನ್ನು ಸರಿಪಡಿಸಿಕೊಳ್ಳಲು ಹೋಗುತ್ತದೆ, ಅಷ್ಟರಲ್ಲಿ ನಗುವ ಹೊತ್ತು ಮೀರಿರುತ್ತದೆ.

ಆಮೇಲೆ ಅದನ್ನು ಮನೆಯ ಮಾತಿಗೆ ತಂದೆ: ‘ನಾ ಗುರ್ತ ಸಿಗ್ಲಿಲ್ಲೇನು?’ ಹೀಗೆ ಆಡುವುದು ನಮ್ಮಲ್ಲಿ ಸಹಜ. ‘ನಾ’ ಒಂದಕ್ಷರ, ಮುಂದಿನ ಪದ ‘ಗು’ ಎಂದು ಆರಂಭ. ನಾಗು! ನಾಗರಾಜನೂ ನಾಗು, ನಾಗಮ್ಮನೂ ನಾಗು. ಕತ್ತರಿ ‘ಗುರ್ತ’ ಎಂಬುದರ ನಡುವೆ ಬಿದ್ದಿದೆ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ‘ಯಾವ ನಾಗು?’ ಎಂದು ಕೇಳಿದವನಿಗೆ ‘ಗುರುತು ಸಿಗಲಿಲ್ಲವೇ?’ ಎಂಬುದು ಸದ್ದಿನಲ್ಲಿ ಮಾತ್ರವಲ್ಲ, ಅರ್ಥದಲ್ಲೂ ನೇರ ಉತ್ತರ. ಹತ್ತರಲ್ಲಿ ಒಂದಕ್ಕೆ ಇಂತಹ ಎರಡೂ ಕೂಡಿಬಂದರೆ ಸಾಕು.

— ಟಕ್ ಟಕ್.
— ಯಾರದು?
— ನಾಗು.
— ಯಾವ ನಾಗು?
— ನಾ ಗುರ್ತ ಸಿಗ್ಲಿಲ್ಲೇನು?

ಆದರೂ ಮೊದಲ ಸಲ ಇದು ಸೋತಿತು. ಅಂದು ಅಂಗಳದಲ್ಲಿ ಕುಳಿತಿದ್ದ ಮುತ್ಯಾನ ಮುಂದೆ ಪಕ್ಕದ ಮನೆಯ ಹುಡುಗನಿಂದ ಹೇಳಿಸಿದೆ. ಹುಡುಗ ‘ನಾಗು’ ಎನ್ನುತ್ತಲೂ ಮುತ್ಯಾ, “ಬಾ ಒಳಗ, ಯಾಕ ನಿಂತಿ?” ಎಂದುಬಿಟ್ಟರು. ಪರಿಚಯದ ಹೆಸರು ಕೇಳಿದ ಮೇಲೆ ನಮ್ಮಲ್ಲಿ ಯಾರೂ ‘ಯಾವ’ ಎಂದು ಕೇಳುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಮುತ್ಯಾಗೆ ಗೊತ್ತಿದ್ದ ನಾಗು ಒಬ್ಬನೇ, ಅವನು ಎದುರು ಮನೆಯವನು. ಇದರಿಂದ ಎರಡು ಮಾತು ತಿಳಿಯಬೇಕು. ಒಂದು, ಕೇಳುವವನಿಗೆ ಎರಡನೆಯ ಪ್ರಶ್ನೆಯನ್ನು ಮೊದಲೇ ಹೇಳಿಕೊಟ್ಟಿರಬೇಕು. ಎರಡು, ಹೆಸರು ಅವನ ಸುತ್ತ ಮೂರು ನಾಲ್ಕು ಜನರಿಗೆ ಇರುವಂತಹದಾದರೆ ಪ್ರಶ್ನೆ ತಾನಾಗಿಯೇ ಬರುತ್ತದೆ. ಶರಣಬಸವೇಶ್ವರರ ಊರಾದ ಕಲಬುರಗಿಯಲ್ಲಿ ‘ಶರಣು’ ಎಂದರೆ ಯಾರಾದರೂ ‘ಯಾವ ಶರಣು?’ ಎಂದು ಕೇಳಲೇಬೇಕು, ಅಷ್ಟು ಶರಣುಗಳಿದ್ದಾರೆ.

6. ಸದ್ದು ಎಷ್ಟು ತಪ್ಪಬಹುದು, ಎಲ್ಲಿ ತಪ್ಪಬಾರದು

ಹೆಸರೂ ವಾಕ್ಯವೂ ಅಕ್ಷರಶಃ ಹೊಂದುವುದು ಯಾವಾಗಲೂ ಸಾಧ್ಯವಿಲ್ಲ. ಸ್ವಲ್ಪ ತಪ್ಪನ್ನು ಮಕ್ಕಳ ಕಿವಿ ಕ್ಷಮಿಸುತ್ತದೆ, ಆದರೆ ಎಲ್ಲ ತಪ್ಪನ್ನೂ ಅಲ್ಲ. ನನ್ನ ಅನುಭವದಲ್ಲಿ ನಡುವಿನ ಒಂದು ಸ್ವರ ಬದಲಾದರೆ ನಡೆಯುತ್ತದೆ. ಇದಕ್ಕೆ ನಮ್ಮ ಹೊಲದ ಬೆಳೆಯೇ ಸಾಕ್ಷಿ:

— ಟಕ್ ಟಕ್.
— ಯಾರದು?
— ತೊಗರಿ.
— ಯಾವ ತೊಗರಿ?
— ತೊಗೋರಿ, ನಿಮ್ಮ ಮನಿ ಚಾವಿ ಇಲ್ಲೇ ಬಿದ್ದಿತ್ತು!

‘ತೊಗರಿ’ ಮತ್ತು ‘ತೊಗೋರಿ’ ಒಂದೇ ಅಲ್ಲ, ನಡುವಿನ ಸ್ವರ ಬೇರೆ. ಆದರೆ ಆರಂಭದ ‘ತೊ’ ಮತ್ತು ಕೊನೆಯ ‘ರಿ’ ಗಟ್ಟಿಯಾಗಿ ಕೂತಿರುವುದರಿಂದ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಬಾಗಿಲು ಬಡಿದವರು ಮನುಷ್ಯರೇ ಆಗಬೇಕೆಂದಿಲ್ಲ ಎಂಬುದನ್ನೂ ಇದರಲ್ಲಿ ಗಮನಿಸಬಹುದು. ಈ ಹಾಸ್ಯದ ಉತ್ತರದಲ್ಲಿ ನಾನು ಮೊದಲು ‘ತೊಗೋರಿ, ನಿಮ್ಮ ಬ್ಯಾಳಿ’ ಎಂದು ಇಟ್ಟಿದ್ದೆ; ತೊಗರಿಯಿಂದ ಬೇಳೆಗೆ ಹೋದರೆ ಮಗು ಮತ್ತೆ ತೊಗರಿಯ ಅರ್ಥದಲ್ಲೇ ಉಳಿಯುತ್ತದೆ, ‘ತೆಗೆದುಕೊಳ್ಳಿ’ ಎಂಬುದು ಅದಕ್ಕೆ ಕೇಳಿಸುವುದೇ ಇಲ್ಲ. ಚಾವಿ ಬಂದ ಮೇಲೆ ಸರಿಹೋಯಿತು. ಉತ್ತರದ ಉಳಿದ ಭಾಗವು ಹೊಸ ಅರ್ಥದ ಕಡೆಗೆ ಎಳೆಯಬೇಕು, ಹಳೆಯದರ ಕಡೆಗೆ ಅಲ್ಲ.

ಮೊದಲ ಅಕ್ಷರ ತಪ್ಪಿದರೆ ಮಾತ್ರ ಯಾವ ಉಪಾಯವೂ ಇಲ್ಲ. ಒತ್ತಕ್ಷರದ ವಿಷಯದಲ್ಲೂ ಎಚ್ಚರಿಕೆ ಬೇಕು. ‘ಸುಮಾ — ಸುಮ್ಮನೆ ಬಾಗಿಲು ತೆಗಿ’ ಎಂಬುದು ಕಾಗದದ ಮೇಲೆ ಹೊಂದಿದಂತೆ ಕಾಣುತ್ತದೆ. ಆದರೆ ಕನ್ನಡದ ಕಿವಿಗೆ ಒಂಟಿ ಮಕಾರವೂ ಜೋಡಿ ಮಕಾರವೂ ಬೇರೆ ಬೇರೆ. ‘ಬಳಿ’ ಮತ್ತು ‘ಬಳ್ಳಿ’ ಎಂಬ ವ್ಯತ್ಯಾಸವನ್ನು ಹಿಡಿಯುವ ಕಿವಿಯೇ ಇದನ್ನೂ ಹಿಡಿಯುತ್ತದೆ.

ಇನ್ನೊಂದು ತಪ್ಪು ಬಹಳ ಸಾಮಾನ್ಯವಾದದ್ದು. ‘ಇಂದು — ಇಂದು ಶಾಲೆಗೆ ರಜೆ’ ಎಂಬುದರಲ್ಲಿ ಸದ್ದಿನ ದೋಷ ಎಳ್ಳಷ್ಟೂ ಇಲ್ಲ. ಆದರೂ ಅದು ನಡೆಯದು. ‘ಇಂದು’ ಎಂಬ ಪದ ಪಾಠಪುಸ್ತಕದಲ್ಲಿದೆ, ಫಲಕದ ಮೇಲಿದೆ. ಮಗುವಿನ ಬಾಯಲ್ಲಿರುವುದು ‘ಇವತ್ತ’. ಕೇಳುವ ಮಗು ಆ ಪದವನ್ನು ನೆನಪಿನಿಂದ ಹುಡುಕಿ ತೆಗೆಯಬೇಕಾಗುತ್ತದೆ. ಶಿಕ್ಷಕರು ಕಟ್ಟಿದ ಹಾಸ್ಯಗಳಲ್ಲಿ ಅರ್ಧಕ್ಕರ್ಧ ಸೋಲುವುದು ಇದೇ ಕಾರಣಕ್ಕೆ ಎಂದು ನನಗೆ ಅನಿಸುತ್ತದೆ: ಅವರು ಬರೆಯುವ ಕನ್ನಡದಲ್ಲಿ ಹುಡುಕುತ್ತಾರೆ.

7. ಹೇಳುವ ಬಗೆ ಮತ್ತು ಪರೀಕ್ಷೆ

ಐದನೆಯ ಸಾಲಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಒಂದೇ ಉಸಿರಿನಲ್ಲಿ, ನಡುವೆ ನಿಲ್ಲದೆ ಹೇಳಬೇಕು. ‘ನಾ… ಗುರ್ತ’ ಎಂದು ಬಿಡಿಸಿ ಹೇಳಿದರೆ ಹೆಸರು ಕಳೆದುಹೋಗುತ್ತದೆ. ‘ನಾಗುರ್ತ’ ಎಂದು ಕೂಡಿಸಿದಾಗ ಮಾತ್ರ ನಾಗು ಕೇಳಿಸುತ್ತಾನೆ. ಬರೆಯುವಾಗ ನಾವು ಪದಗಳನ್ನು ಬಿಡಿಸಿ ಬರೆಯುವುದರಿಂದ, ಓದಿ ಹೇಳುವವರು ಇಲ್ಲಿ ತಪ್ಪುತ್ತಾರೆ. ಮಕ್ಕಳಿಗೆ ಬರೆದುಕೊಡದೆ ಬಾಯಿಯಿಂದಲೇ ಕಲಿಸುವುದು ಲೇಸು.

ಪರೀಕ್ಷೆಗೆ ಮೊದಲನೆಯ ಮಗುವಿಗೆ ನೀವು ಹೇಳಿ, ಆಮೇಲೆ ಆ ಮಗುವೇ ಎರಡನೆಯ ಮಗುವಿಗೆ ಹೇಳಲಿ. ನೀವು ದೂರ ಕುಳಿತು ಕೇಳಿ. ಮೊದಲನೆಯ ಮಗು ನಕ್ಕಿತು ಎಂಬುದರಿಂದ ಏನೂ ತೀರ್ಮಾನವಾಗದು, ಅದು ನಿಮ್ಮ ಮುಖ ನೋಡಿ ನಕ್ಕಿರಬಹುದು. ಆದರೆ ಅದು ಎರಡನೆಯವನಿಗೆ ಹೇಳುವಾಗ ಐದನೆಯ ಸಾಲನ್ನು ನಿಮ್ಮ ಸಹಾಯವಿಲ್ಲದೆ ಸರಿಯಾಗಿ ಹೇಳಿತೇ ಎಂಬುದು ಖಚಿತವಾದ ಗುರುತು. ಸಾಲನ್ನು ತನಗೆ ಬೇಕಾದಂತೆ ಬದಲಾಯಿಸಿ ಹೇಳಿದರೆ ಆ ಬದಲಾವಣೆಯನ್ನು ಬರೆದುಕೊಳ್ಳಿ. ಹೆಚ್ಚಿನ ಸಲ ಅದು ನಿಮ್ಮದಕ್ಕಿಂತ ನಾಲಿಗೆಗೆ ಹಗುರಾಗಿರುತ್ತದೆ. ನಾನು ‘ಬುತ್ತಿ ಊಟ ಮಾಡೋಣ’ ಎಂದು ಮುಗಿಸಿದ್ದ ಬಾಬುವಿನ ಹಾಸ್ಯವನ್ನು ‘ಬುತ್ತಿ ಬಿಚ್ಚೋಣ’ ಎಂದು ತಿದ್ದಿದವಳು ಮೂರನೆಯ ತರಗತಿಯ ಒಬ್ಬ ಹುಡುಗಿ. ಬಕಾರ ಸಾಲಿನುದ್ದಕ್ಕೂ ಬಂದದ್ದು ಅವಳಿಂದ.

ಕೆಟ್ಟ ಲಕ್ಷಣಗಳು ಎರಡು. ಮಗು “ಅಂದ್ರ?” ಎಂದು ಕೇಳಿದರೆ ಉತ್ತರದಲ್ಲಿ ಅದಕ್ಕೆ ತಿಳಿಯದ ಪದವಿದೆ ಎಂದರ್ಥ. ಆಗ ವಿವರಿಸುವುದರಲ್ಲಿ ಪ್ರಯೋಜನವಿಲ್ಲ, ಪದವನ್ನು ಬದಲಾಯಿಸಬೇಕು. ನನ್ನ ‘ಮಾಲಾ — ಮಾಲದಂಡಿ ಜ್ವಾಳದ ರೊಟ್ಟಿ ತಂದೀನಿ’ ಎಂಬ ಹಾಸ್ಯ ಹಳ್ಳಿಯ ಮಕ್ಕಳಲ್ಲಿ ನಡೆದು, ಪೇಟೆಯ ಮಕ್ಕಳಲ್ಲಿ ಹೀಗೆಯೇ ಬಿದ್ದುಹೋಯಿತು. ದಿನಾ ಆ ರೊಟ್ಟಿ ತಿಂದರೂ ಜೋಳದ ತಳಿಯ ಹೆಸರು ಅವರಿಗೆ ಗೊತ್ತಿರಲಿಲ್ಲ. ಎರಡನೆಯ ಲಕ್ಷಣ, ಐದನೆಯ ಸಾಲಿಗೆ ಮೊದಲೇ ಮಗು ಉತ್ತರ ಹೇಳಿಬಿಡುವುದು. ಅದಕ್ಕೆ ಕಾರಣ ಹೆಚ್ಚಾಗಿ ನೀವು ಒಂದೇ ಬಗೆಯದನ್ನು ಸಾಲಾಗಿ ಹೇಳಿರುವುದು. ರವಿವಾರದ ಹಿಂದೆಯೇ ‘ಸೋಮು’ ಬಂದರೆ ಯಾರಾದರೂ ಸೋಮವಾರ ಎನ್ನುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು: ಕೂಡಿರುವ ಮಕ್ಕಳಲ್ಲಿ ಅದೇ ಹೆಸರಿನ ಮಗು ಇದ್ದರೆ, ಉತ್ತರದ ವಾಕ್ಯವು ಅದರ ಮೈಬಣ್ಣ, ಮೈಕಟ್ಟು, ಮನೆತನವನ್ನು ಸೋಕಬಾರದು. ಮಕ್ಕಳು ಒಮ್ಮೆ ಹಿಡಿದ ಅಡ್ಡಹೆಸರನ್ನು ಹತ್ತನೆಯ ತರಗತಿಯವರೆಗೂ ಬಿಡುವುದಿಲ್ಲ.

8. ಹಾಸ್ಯಗಳನ್ನು ಸರಣಿಯಾಗಿ ಪೋಣಿಸುವುದು

ಒಂದೇ ಹೆಸರನ್ನು ಮೂರು ಸಲ ಹೇಳಿ ಕೇಳುವವನನ್ನು ಬೇಸರಪಡಿಸಿ, ನಾಲ್ಕನೆಯ ಸಲ ಬೇರೆ ಹೆಸರಿನಿಂದ ಬಿಡುಗಡೆ ಮಾಡುವ ಸೂತ್ರವೊಂದು ಇಂಗ್ಲಿಷಿನಲ್ಲಿದೆ. ಅಲ್ಲಿ ಬಾಳೆಹಣ್ಣು ಮತ್ತೆ ಮತ್ತೆ ಬಂದು, ಕೊನೆಗೆ ಕಿತ್ತಳೆ ಬರುತ್ತದೆ. ಕಿತ್ತಳೆಯ ಹೆಸರು ಅಲ್ಲಿ ‘ನಿನಗೆ ಸಂತೋಷವಾಗಲಿಲ್ಲವೇ’ ಎಂಬ ಮಾತಿನ ಆರಂಭದಂತೆ ಕೇಳಿಸುವುದರಿಂದ ಅದನ್ನು ಎತ್ತಿ ತರಲಾಗದು, ಆದರೆ ಅದರ ಕಟ್ಟನ್ನು ತರಬಹುದು. ನಮಗೆ ಬೇಕಾದದ್ದು ‘ಇನ್ನು ಸಾಕು’ ಎಂಬ ಅರ್ಥ ಅಡಗಿರುವ ಒಂದು ಹೆಸರು, ಅದು ನಮ್ಮ ಕಡೆ ಹಳೆಯ ತಲೆಮಾರಿನಲ್ಲಿ ಇದ್ದೇ ಇದೆ.

ಮೊದಲ ಮೂರು ಸಲ ‘ನಾಗು’ ಎಂದಷ್ಟೇ ಹೇಳಿ, ‘ಯಾವ ನಾಗು?’ ಎಂದು ಕೇಳಿದಾಗ ಉತ್ತರ ಕೊಡದೆ ಮತ್ತೆ ‘ಟಕ್ ಟಕ್’ ಎನ್ನಬೇಕು. ಕೇಳುವವಳ ದನಿಯಲ್ಲಿ ಸಿಟ್ಟು ಕಾಣಿಸಿಕೊಂಡಾಗ:

— ಟಕ್ ಟಕ್.
— ಯಾರದು?
— ಸಾಕವ್ವ.
— ಯಾವ ಸಾಕವ್ವ?
— ಸಾಕವ್ವಾ ಸಾಕು, ನಾಗು ಅಂದು ಅಂದು ನನಗೂ ಸಾಕಾತು!

ಹೆಣ್ಣುಮಕ್ಕಳನ್ನು ಪ್ರೀತಿಯಿಂದ ‘ಅವ್ವ’ ಎನ್ನುವ ರೂಢಿ ಇರುವಲ್ಲಿ ಮಾತ್ರ ಇದು ಕೂಡುತ್ತದೆ. ಎದುರಿಗೆ ಹುಡುಗನಿದ್ದರೆ ಬಡಿದವಳು ಸಾಕವ್ವ ಅಲ್ಲ, ಬಡಿದವನು ಸಾಕಪ್ಪ. ಮೂರಕ್ಕಿಂತ ಹೆಚ್ಚು ಸಲ ನಾಗುವನ್ನು ಎಳೆಯಬೇಡಿ. ಐದನೆಯ ಸಲಕ್ಕೆ ಮಕ್ಕಳು ಎದ್ದು ಹೋಗಿರುವುದನ್ನು ನಾನು ನೋಡಿದ್ದೇನೆ.

9. ಅದೇ ಕತ್ತರಿಯಿಂದ ಇನ್ನೊಂದು ಸೂತ್ರ

ಬಾಗಿಲು ಸಾಕೆನಿಸಿದಾಗ ‘ಯಾವುದು?’ ಎಂಬ ಒಂದೇ ಪ್ರಶ್ನೆಯ ಸೂತ್ರಕ್ಕೆ ಹೋಗಬಹುದು. ಅಲ್ಲಿ ವಾಕ್ಯದ ಆರಂಭವನ್ನು ಕತ್ತರಿಸುತ್ತಿದ್ದೆವು, ಇಲ್ಲಿ ಪದದ ಕೊನೆಯನ್ನು ಕತ್ತರಿಸುತ್ತೇವೆ. ‘ಮೂಲಂಗಿ’ಯ ಕೊನೆಯಲ್ಲಿ ‘ಅಂಗಿ’ ಕೇಳಿಸುತ್ತದೆ. ಆದ್ದರಿಂದ ‘ತೊಡಲು ಬಾರದ, ತಿನ್ನಲು ಬರುವ ಅಂಗಿ ಯಾವುದು?’ ಎಂದು ಕೇಳಬಹುದು. ಇದು ಒಡಪಿನಂತೆ ಕಂಡರೂ ಒಡಪಲ್ಲ. ಒಡಪಿನಲ್ಲಿ ವಸ್ತುವಿನ ಬಣ್ಣ, ಆಕಾರಗಳ ಸುಳಿವು ಇರುತ್ತದೆ, ಯೋಚಿಸಿದವನಿಗೆ ಉತ್ತರ ದಕ್ಕಬೇಕು. ಇಲ್ಲಿ ಎರಡು ತಪ್ಪು ಉತ್ತರ ಬಂದ ಕೂಡಲೇ ನೀವೇ ಉತ್ತರ ಹೇಳಿಬಿಡಬೇಕು, ಇಲ್ಲದಿದ್ದರೆ ಅದು ಪರೀಕ್ಷೆಯಾಗುತ್ತದೆ.

ಇಂತಹದನ್ನು ಕಟ್ಟುವಾಗ ಪ್ರಶ್ನೆಯಲ್ಲಿ ಮಗುವಿಗೆ ಚೆನ್ನಾಗಿ ಗೊತ್ತಿರುವ ನಿಜವಾದ ವಸ್ತುವೊಂದನ್ನು ಮುಂದಿಟ್ಟರೆ ಅದು ದಾರಿ ತಪ್ಪುತ್ತದೆ. ಯಾದಗಿರಿಯ ಮಕ್ಕಳು ಊರ ನಡುವಿನ ಗುಡ್ಡವನ್ನೂ ಅದರ ಮೇಲಿನ ಕೋಟೆಯನ್ನೂ ದಿನವೂ ನೋಡುತ್ತಾರೆ. ಅವರಿಗೆ, ‘ಯಾದಗಿರಿ ಹತ್ತಬಹುದು, ಹತ್ತಲು ಬಾರದ ಗಿರಿ ಯಾವುದು?’ ಎಂದು ಕೇಳಿದೆ. ಒಬ್ಬ ಹಿಮಾಲಯ ಎಂದ, ಮತ್ತೊಬ್ಬ “ಮಳಿಗಾಲದಾಗ ಇದನ್ನೂ ಹತ್ತಕ್ಕ ಬರಲ್ರೀ, ಜಾರ್ತದ” ಎಂದ. ಉತ್ತರ ‘ದಾದಾಗಿರಿ’ ಎಂದಾಗ ಆ ಎರಡನೆಯವನು ನಗಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕೂಡಕ್ಕ ಬರಲಾರದ ಕುರ್ಚಿ ಯಾವುದ್ರೀ?” ಎಂದು ನನ್ನನ್ನೇ ಕೇಳಿದ. ನನಗೆ ತಿಳಿಯಲಿಲ್ಲ. ಅವನಿಗೂ ಉತ್ತರ ಗೊತ್ತಿರಲಿಲ್ಲ, ಹುಡುಕುತ್ತಿದ್ದಾನೆ.